ಊರ ಡೇರಿಯ ಬಜೆಟ್: ದಿನದ ಬಟವಾಡೆ, ಕೂಲರ್ ಖರ್ಚು, ಸಂಬಳ – ಪದೇ ಪದೇ ಕೇಳುವ ಪ್ರಶ್ನೆಗಳು

ಚನ್ನರಾಯಪಟ್ಟಣ ಕಡೆಯ ಒಂದು ಊರಿನ ಹಾಲು ಉತ್ಪಾದಕರ ಸಂಘದಲ್ಲಿ ನಾನು ಬಹಳ ವರ್ಷ ಸೆಕ್ರೆಟರಿ ಆಗಿದ್ದೆ. ಈಗ ಅಕ್ಕಪಕ್ಕದ ಸಂಘಗಳವರು ಬಜೆಟ್ ಬರೆಯುವಾಗ ಫೋನ್ ಮಾಡುತ್ತಾರೆ. ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಾಲಿನ ದರ, ಮಾರ್ಜಿನ್, ಶೀತಲೀಕರಣದ ಕಮಿಷನ್ ಎಲ್ಲವೂ ಒಕ್ಕೂಟದ ಸುತ್ತೋಲೆ ಬಂದಂತೆ ಬದಲಾಗುತ್ತವೆ. ಕೆಳಗಿನ ಅಂಕಿಗಳು ಲೆಕ್ಕಕ್ಕೆ ಹಿಡಿದವು. ನಿಮ್ಮ ಬೋರ್ಡಿನ ಮೇಲೆ ಇವತ್ತು ಏನಿದೆಯೋ ಅದನ್ನು ಹಾಕಿಕೊಂಡು ಲೆಕ್ಕ ಮಾಡಿ. ದಾರಿ ಅದೇ ಇರುತ್ತದೆ.

ವರ್ಷಕ್ಕೆ ಕೋಟಿ ರೂಪಾಯಿ ವಹಿವಾಟು ಅಂತೀರಿ, ಕೇಳಿದರೆ ದುಡ್ಡಿಲ್ಲ ಅಂತೀರಿ. ಏನು ಲೆಕ್ಕ ಇದು?

ಸರ್ವಸದಸ್ಯರ ಸಭೆಯಲ್ಲಿ ಯಾರಾದರೂ ಒಬ್ಬರು ಎದ್ದು ನಿಂತು ಇದನ್ನು ಕೇಳೇ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೂ ಇಲ್ಲ.

ದಿನಕ್ಕೆ 1,000 ಲೀಟರ್ ಹಾಲು ಬರುವ ಸಂಘ ಅಂದುಕೊಳ್ಳಿ. ಸದಸ್ಯರಿಗೆ ಸರಾಸರಿ ಲೀಟರಿಗೆ 35 ರೂಪಾಯಿ. ವರ್ಷಕ್ಕೆ ಒಂದೂಕಾಲು ಕೋಟಿ ಮೇಲಾಯಿತು. ಆದರೆ ಅದು ಸಂಘದ ದುಡ್ಡಲ್ಲ, ಹಾಲು ಹಾಕಿದವರ ದುಡ್ಡು. ಒಕ್ಕೂಟದಿಂದ ಬಂದು ಸಂಘದ ಖಾತೆಯಲ್ಲಿ ಎರಡು ದಿನ ಕೂತು ಸದಸ್ಯರ ಕೈ ಸೇರುತ್ತದೆ, ಅಷ್ಟೇ. ಒಕ್ಕೂಟ ಸಂಘಕ್ಕೆ 36.50 ಕೊಟ್ಟು, ಸಂಘ ಸದಸ್ಯರಿಗೆ 35 ಕೊಟ್ಟರೆ ನಡುವೆ ಉಳಿಯುವ ಒಂದೂವರೆ ರೂಪಾಯಿಯೇ ಸಂಘದ್ದು. ಬಜೆಟ್ ಬರೆಯಬೇಕಾಗಿರುವುದು ಆ ಒಂದೂವರೆ ರೂಪಾಯಿಗೆ.

ಹಾಗಾಗಿ ಬ್ಯಾಂಕಿನಲ್ಲಿ ಎರಡು ಖಾತೆ ಇರಲಿ ಅಂತ ನಾನು ಹಟ ಹಿಡಿಯುತ್ತೇನೆ. ಒಂದರಲ್ಲಿ ಬಟವಾಡೆ ದುಡ್ಡು, ಇನ್ನೊಂದರಲ್ಲಿ ಸಂಘದ ದುಡ್ಡು. ನಾನು ಸೇರಿದ ಹೊಸದರಲ್ಲಿ ಒಂದೇ ಖಾತೆ ಇತ್ತು. ಖಾತೆಯಲ್ಲಿ ನಾಲ್ಕು ಲಕ್ಷ ಕಂಡಿತು ಅಂತ ಕಟ್ಟಡದ ಮುಂದಕ್ಕೆ ಶೀಟ್ ಹಾಕಿಸಲು ಒಪ್ಪಿಕೊಂಡೆ. ಮುಂದಿನ ಬಟವಾಡೆಗೆ 38,000 ಕಮ್ಮಿ ಬಿತ್ತು. ಹನ್ನೊಂದು ಜನಕ್ಕೆ ಬುಧವಾರ ಬನ್ನಿ ಅಂದೆ. ಆ ಬುಧವಾರದ ವಿಷಯ ಊರಲ್ಲಿ ಇವತ್ತಿಗೂ ಎತ್ತುತ್ತಾರೆ.

ಸರಿ, ಒಂದು ತಿಂಗಳ ಬಜೆಟ್ ಪೂರ್ತಿ ತೋರಿಸಿ.

ಒಂದು ಸಂಘ ಹಿಡಿಯೋಣ. ಹಾಲು ಹಾಕುವ ಸದಸ್ಯರು 120. ದಿನಕ್ಕೆ 1,000 ಲೀಟರ್. ಸಂಘದಲ್ಲೇ 2,000 ಲೀಟರಿನ ಬಲ್ಕ್ ಕೂಲರ್ ಇದೆ. ಪಕ್ಕದೂರಿನ ಸಂಘದ 400 ಲೀಟರ್ ಕೂಡ ಇದೇ ಕೂಲರಿಗೆ ಬರುತ್ತದೆ. ಊರೊಳಗೆ ದಿನಕ್ಕೆ 20 ಲೀಟರ್ ಚಿಲ್ಲರೆ ಮಾರಾಟ. ತಿಂಗಳಿಗೆ 30 ದಿನ.

| ಬಾಬ್ತು | ರೂಪಾಯಿ |
|---|---|
| ಆದಾಯ | |
| ಮಾರ್ಜಿನ್ (980 ಲೀಟರ್ × 30 × 1.50) | 44,100 |
| ಸ್ಥಳೀಯ ಮಾರಾಟದಲ್ಲಿ ಉಳಿಯುವುದು (20 ಲೀಟರ್ × 30 × 9) | 5,400 |
| ಶೀತಲೀಕರಣ ಕಮಿಷನ್ (1,400 × 30 × 60 ಪೈಸೆ) | 25,200 |
| ಪಶು ಆಹಾರದ ಕಮಿಷನ್ | 3,000 |
| ಒಟ್ಟು | 77,700 |
| ಖರ್ಚು | |
| ಮೂರು ಜನರ ಸಂಬಳ | 38,000 |
| ಬೋನಸ್, ನಿವೃತ್ತಿಗೆ ಎತ್ತಿಡುವುದು | 3,200 |
| ರಜಾ ದಿನದ ಬದಲಿ ಆಳು | 2,400 |
| ಕರೆಂಟು | 7,000 |
| ಜನರೇಟರ್ ಡೀಸೆಲ್ | 9,000 |
| ಕೂಲರ್, ಕ್ಯಾನ್ ತೊಳೆಯುವ ಪುಡಿ, ಆಸಿಡ್ | 2,500 |
| ಹಾಲು ಪರೀಕ್ಷೆ | 1,500 |
| ಯಂತ್ರಗಳ ರಿಪೇರಿಗೆ ಎತ್ತಿಡುವುದು | 3,000 |
| ಕಚೇರಿ, ಸಾಫ್ಟ್‌ವೇರ್, ಸಭೆ, ಆಡಿಟ್ | 3,500 |
| ಅಳತೆಯಲ್ಲಿ ಹೋಗುವ ಹಾಲು (ದಿನಕ್ಕೆ 4 ಲೀಟರ್) | 4,200 |
| ಒಟ್ಟು | 74,300 |
| ಉಳಿಕೆ | 3,400 |

ಉಳಿದದ್ದು ಮೂರು ಸಾವಿರದ ನಾನೂರು. 42,000 ಲೀಟರ್ ಹಾಲು ಕೈಯಾಡಿಸಿದ ಮೇಲೆ ಇಷ್ಟು. ಇದನ್ನು ಮನಸ್ಸಲ್ಲಿ ಇಟ್ಟುಕೊಂಡು ಮುಂದಿನ ಪ್ರಶ್ನೆ ಓದಿ.

ನಮ್ಮ ಸದಸ್ಯರು ದಿನದ ದುಡ್ಡು ದಿನಾ ಕೊಡಿ ಅಂತಿದ್ದಾರೆ. ಕೊಡಲು ಆಗುತ್ತದಾ?

ಆಗುತ್ತದೆ. ಆದರೆ ಎಷ್ಟು ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಮೊದಲು ತಿಳಿದುಕೊಳ್ಳಿ.

ಯಂತ್ರದ ಚೀಟಿಯಲ್ಲಿ ಲೀಟರು, ಫ್ಯಾಟು, ಎಸ್‌ಎನ್‌ಎಫ್, ಮೊತ್ತ ಎಲ್ಲ ಅಲ್ಲೇ ಅಚ್ಚಾಗುತ್ತದೆ. ಹಾಗಾಗಿ ಯಾರಿಗೆ ಎಷ್ಟು ಕೊಡಬೇಕು ಅನ್ನುವುದು ಕಷ್ಟವಲ್ಲ. ಕಷ್ಟ ಇರುವುದು ಒಕ್ಕೂಟದ ದುಡ್ಡು ದಿನಾ ಬರುವುದಿಲ್ಲ ಅನ್ನುವುದರಲ್ಲಿ. ಅದು ಕಂತಿನಲ್ಲಿ ಬರುತ್ತದೆ. ಹತ್ತು ದಿನದ ಹಾಲಿಗೆ ಒಂದು ಬಿಲ್ಲು, ಬಿಲ್ಲು ಮುಗಿದ ಮೇಲೆ ದುಡ್ಡು ಖಾತೆಗೆ ಬೀಳಲು ಐದು ದಿನ ಅಂತ ಹಿಡಿಯೋಣ. ನೀವು ದಿನಾ 35,000 ಕೊಡುತ್ತಾ ಹೋಗುತ್ತೀರಿ. ಮೊದಲನೇ ದಿನ ಕೊಟ್ಟ ದುಡ್ಡು ನಿಮಗೆ ವಾಪಸ್ ಬರುವುದು ಹದಿನೈದನೇ ದಿನ.

ಲೆಕ್ಕ ಹೀಗೆ:

```
ಅತಿ ಹೆಚ್ಚು ಬೇಕಾಗುವ ದುಡ್ಡು = ದಿನದ ಬಟವಾಡೆ × (ಬಿಲ್ಲಿನ ದಿನ + ತಡದ ದಿನ)
                        = 35,000 × (10 + 5) = 5,25,000

ಸರಾಸರಿ ಸಿಕ್ಕಿಕೊಂಡಿರುವುದು = ದಿನದ ಬಟವಾಡೆ × (ತಡದ ದಿನ + ಬಿಲ್ಲಿನ ದಿನ ÷ 2)
                        = 35,000 × (5 + 5) = 3,50,000
```

ಮೊದಲನೇ ಅಂಕಿ ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟ್ ಮಿತಿ ಕೇಳಲು ಬೇಕು. ಎರಡನೆಯದು ಬಡ್ಡಿ ಲೆಕ್ಕಕ್ಕೆ. ಬಡ್ಡಿ ನೂರಕ್ಕೆ 10 ಅಂದರೆ ವರ್ಷಕ್ಕೆ 35,000, ತಿಂಗಳಿಗೆ 2,900 ಆಯಿತು. ಮೇಲಿನ ಉಳಿಕೆ ನೆನಪಿದೆಯಲ್ಲ? 3,400. ಎಲ್ಲರಿಗೂ ದಿನಾ ಕೊಟ್ಟರೆ ಉಳಿಯುವುದು 500 ರೂಪಾಯಿ.

ಹಾಲು ಜಾಸ್ತಿ ಬರುವ ಕಾಲದಲ್ಲಿ ಇದೇ ಸಂಘಕ್ಕೆ 1,300 ಲೀಟರ್ ಬರುತ್ತದೆ. ಆಗ 5.25 ಲಕ್ಷ ಸಾಲುವುದಿಲ್ಲ, 6.8 ಲಕ್ಷ ಬೇಕು. ಓವರ್‌ಡ್ರಾಫ್ಟ್ ಮಿತಿಯನ್ನು ಸರಾಸರಿ ತಿಂಗಳಿಗೆ ಹಾಕಿಸಿಕೊಂಡವರು ಸಿಕ್ಕಿಬೀಳುವುದು ಇಲ್ಲೇ. ಮಿತಿ ಮುಟ್ಟಿದ ದಿನ ಅರ್ಧ ಜನಕ್ಕೆ ದುಡ್ಡು ಹೋಗಿ ಅರ್ಧ ಜನಕ್ಕೆ ಹೋಗುವುದಿಲ್ಲ. ದಿನಾ ಕೊಡುವ ಸಂಘ ಒಂದು ದಿನ ಕೊಡದಿದ್ದರೆ, ಹತ್ತು ದಿನಕ್ಕೊಮ್ಮೆ ಕೊಡುವ ಸಂಘ ಎರಡು ದಿನ ತಡ ಮಾಡಿದ್ದಕ್ಕಿಂತ ದೊಡ್ಡ ಗಲಾಟೆ.

ನನ್ನ ಸಲಹೆ ಬೇರೆ. ಯಾರಿಗೆ ದಿನಾ ಬೇಕು ಅಂತ ಒಬ್ಬೊಬ್ಬರನ್ನೇ ಕೇಳಿ. ನಮ್ಮಲ್ಲಿ ಕೇಳಿದಾಗ 120ರಲ್ಲಿ 35 ಜನ ಮಾತ್ರ ಬೇಕು ಅಂದರು. ಒಂದು ಹಸು ಇಟ್ಟುಕೊಂಡವರು, ಕೂಲಿಗೆ ಹೋಗುವವರು, ಒಂಟಿ ಹೆಂಗಸರು. ಉಳಿದವರು ಬೇಡ ಅಂದರು. ರತ್ನಮ್ಮ ಅನ್ನುವವರು ಇದ್ದರು ಅಂದುಕೊಳ್ಳಿ, ಅವರು ಹೇಳಿದ್ದು ಹೀಗೆ: "ದಿನಾ ಇನ್ನೂರು ಕೊಟ್ರೆ ದಿನಾ ಇನ್ನೂರು ಖರ್ಚಾಯ್ತದೆ ಕಣಪ್ಪಾ. ಒಟ್ಟಿಗೆ ಕೊಡು, ಸಂಘದ ಕಂತು ಕಟ್ಬೇಕು." ಸ್ವಸಹಾಯ ಸಂಘದ ಸಾಲದ ಕಂತು ಇರುವವರಿಗೆಲ್ಲ ಅದೇ ಲೆಕ್ಕ.

ಆ 35 ಜನ ಹಾಕುವುದು ಎಲ್ಲ ಸೇರಿ 200 ಲೀಟರ್. ದಿನಕ್ಕೆ 7,000. ಅತಿ ಹೆಚ್ಚು ಬೇಕಾಗುವುದು 1,05,000. ಇದಕ್ಕೆ ಬ್ಯಾಂಕಿನ ಬಾಗಿಲಿಗೆ ಹೋಗಬೇಕಾಗಿಲ್ಲ. ಸಂಘದ ಸ್ವಂತ ದುಡ್ಡು ಒಂದು ಲಕ್ಷ ಇದ್ದರೆ ಅದನ್ನೇ ಸುತ್ತು ಹೊಡೆಸಬಹುದು. ಬ್ಯಾಂಕಿನಿಂದಲೇ ತಂದರೂ ಬಡ್ಡಿ ತಿಂಗಳಿಗೆ 600ರ ಒಳಗೆ. ಉಳಿಕೆ 2,800 ಆದರೂ ನಿಂತಿತು.

ಕೆಲವರಿಗೆ ದಿನಾ, ಕೆಲವರಿಗೆ ಹತ್ತು ದಿನಕ್ಕೆ. ಇದು ತಾರತಮ್ಯ ಅಲ್ವಾ?

ದರ ಒಂದೇ ಇದ್ದು, ಆಯ್ಕೆ ಎಲ್ಲರಿಗೂ ತೆರೆದಿದ್ದರೆ ಅಲ್ಲ. ಆಡಳಿತ ಮಂಡಳಿಯಲ್ಲಿ ನಿರ್ಣಯ ಬರೆದು, ಸರ್ವಸದಸ್ಯರ ಸಭೆಯ ಮುಂದೆ ಇಡಿ. ಮೂರು ತಿಂಗಳಿಗೊಮ್ಮೆ ಮಾತ್ರ ಬದಲಾಯಿಸಿಕೊಳ್ಳಬಹುದು ಅಂತ ಹಾಕಿ. ಇಲ್ಲದಿದ್ದರೆ ಹಬ್ಬದ ಹಿಂದಿನ ವಾರ ಎಲ್ಲರೂ ದಿನದ ಪಟ್ಟಿಗೆ ಬರುತ್ತಾರೆ. ಗೌರಿ ಹಬ್ಬಕ್ಕೆ ನಮ್ಮಲ್ಲಿ ಹಾಗೇ ಆಯಿತು.

ದಿನಾ ದುಡ್ಡು ತಗೊಳ್ಳುವವರ ಹಿಂಡಿ ಬಾಕಿ ಹೇಗೆ ಮುರಿದುಕೊಳ್ಳುವುದು?

ಇದನ್ನು ಬಹಳ ಜನ ಮರೆಯುತ್ತಾರೆ. ಹತ್ತು ದಿನದ ಬಟವಾಡೆಯಲ್ಲಿ ಪಶು ಆಹಾರದ ಮೂಟೆ, ಖನಿಜ ಮಿಶ್ರಣ, ರಾಸು ವಿಮೆಯ ಪಾಲು ಎಲ್ಲವನ್ನೂ ಬಿಲ್ಲಲ್ಲೇ ಮುರಿದುಕೊಂಡು ಉಳಿದದ್ದು ಕೊಡುತ್ತಿದ್ದೆವು. ದಿನಾ ಕೊಡಲು ಶುರು ಮಾಡಿದ ಮೇಲೆ ಮುರಿಯಲು ಬಿಲ್ಲೇ ಇಲ್ಲ. ಮೊದಲ ಎರಡು ತಿಂಗಳಲ್ಲಿ ನಮಗೆ ಹಿಂಡಿ ಬಾಕಿ 40,000 ದಾಟಿತು. ಕೊಡಬಾರದು ಅಂತ ಯಾರೂ ಇರಲಿಲ್ಲ, ಕೇಳುವ ದಿನವೇ ಇರಲಿಲ್ಲ ಅಷ್ಟೇ.

ಆಮೇಲೆ ಒಂದು ಮೂಟೆಯನ್ನು ಇಪ್ಪತ್ತು ಪಾಲು ಮಾಡಿದೆವು. ಮೂಟೆ 1,200 ಅಂದರೆ ದಿನಕ್ಕೆ 60 ರೂಪಾಯಿ ಮುರಿಯುವುದು. ಮೊದಲ ಮೂಟೆ ತೀರುವವರೆಗೆ ಎರಡನೇ ಮೂಟೆ ಸಾಲಕ್ಕಿಲ್ಲ. ಸಾಫ್ಟ್‌ವೇರಿನಲ್ಲಿ ಈ ಕಂತು ಹಾಕುವ ಜಾಗ ಇಲ್ಲದಿದ್ದರೆ ಒಂದು ಪುಸ್ತಕ ಇಡಿ, ಸಾಕು.

ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನವನ್ನು ಬಜೆಟ್ಟಿನಲ್ಲಿ ಎಲ್ಲಿ ತೋರಿಸಬೇಕು?

ಎಲ್ಲೂ ಬೇಡ. ಅದು ಸದಸ್ಯರ ಬ್ಯಾಂಕ್ ಖಾತೆಗೆ ನೇರ ಹೋಗುತ್ತದೆ. ಅವರ ಹೆಸರಿನಲ್ಲಿ ಎಷ್ಟು ಲೀಟರ್ ಅಂತ ಸರಿಯಾಗಿ ಕಳಿಸುವುದು, ಆಧಾರ್ ಜೋಡಣೆ ತಪ್ಪಿದ್ದರೆ ಹೇಳುವುದು ಸಂಘದ ಕೆಲಸ. ಮುಂದೆ ಪ್ರೋತ್ಸಾಹಧನ ಬರುತ್ತದೆ ಅಂತ ಸಂಘದ ದುಡ್ಡು ಮುಂಗಡ ಕೊಡಲೇಬೇಡಿ.

ಕೂಲರಿಗೆ ಎಷ್ಟು ಕರೆಂಟು ಹೋಗಬೇಕು? ನಮ್ಮ ಬಿಲ್ಲು ಜಾಸ್ತಿಯೋ ಸರಿಯೋ ಅಂತ ಹೇಗೆ ಗೊತ್ತಾಗುತ್ತದೆ?

ಸ್ವಲ್ಪ ಲೆಕ್ಕ ಇದೆ. ಒಮ್ಮೆ ಮಾಡಿಕೊಂಡರೆ ಯಾರ ಬಾಯಿಮಾತೂ ನಂಬಬೇಕಿಲ್ಲ.

ಕರೆದ ಕೂಡಲೇ ಡೇರಿಗೆ ತಂದ ಹಾಲು ಸುಮಾರು 35 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅದನ್ನು 4 ಡಿಗ್ರಿಗೆ ಇಳಿಸಬೇಕು. 1,000 ಲೀಟರ್ ಹಾಲನ್ನು ಅಷ್ಟು ಇಳಿಸಲು ತೆಗೆಯಬೇಕಾದ ಶಾಖ ಸುಮಾರು 35 ಯೂನಿಟ್. ಕಂಪ್ರೆಸರ್ ಒಂದು ಯೂನಿಟ್ ಕರೆಂಟು ತಿಂದು ಎರಡೂವರೆ ಯೂನಿಟ್ ಶಾಖ ಹೊರಹಾಕುತ್ತದೆ ಅಂತ ಹಿಡಿದರೆ 14 ಯೂನಿಟ್ ಬೇಕು. ಹಾಲು ಕಲಕುವ ಮೋಟಾರು, ಪಂಪು, ತೊಳೆಯುವ ನೀರು ಸೇರಿಸಿ 18 ಅನ್ನಿ. ಸಾವಿರ ಲೀಟರಿಗೆ 18 ಯೂನಿಟ್. ಇದನ್ನು ಗೋಡೆ ಮೇಲೆ ಬರೆದಿಡಿ. ಬೆಳಗಿನ ಚಳಿಗೆ ಕ್ಯಾನಿನಲ್ಲೇ ಸ್ವಲ್ಪ ಆರಿರುವ ಹಾಲು ಬಂದರೆ ಇನ್ನೂ ಕಮ್ಮಿ ಆಗಬಹುದು.

ನಮ್ಮ ಉದಾಹರಣೆಯ 1,400 ಲೀಟರಿಗೆ ದಿನಕ್ಕೆ 25 ಯೂನಿಟ್, ತಿಂಗಳಿಗೆ 750. ಲೈಟು, ಕಂಪ್ಯೂಟರು, ಗೀಸರಿಗೆ 100. ಒಟ್ಟು 850. ಇದರಲ್ಲಿ 250 ಜನರೇಟರಿಂದ ಬಂದರೆ ಮೀಟರಿನಲ್ಲಿ 600. ಯೂನಿಟ್ಟಿಗೆ 8 ರೂಪಾಯಿ, ಮೇಲೆ ನಿಗದಿತ ಶುಲ್ಕ 2,200 ಸೇರಿ 7,000. ಹಾಸನದವರಿಗೆ ಚೆಸ್ಕಾಂ, ಚಿಕ್ಕಮಗಳೂರಿನವರಿಗೆ ಮೆಸ್ಕಾಂ ಬಿಲ್ಲು ಕೊಡುತ್ತದೆ. ನಿಗದಿತ ಶುಲ್ಕ ಬಳಕೆಯ ಮೇಲೆ ಬರುವುದಿಲ್ಲ, ಮಂಜೂರಾದ ಲೋಡಿನ ಮೇಲೆ ಬರುತ್ತದೆ. ಹಾಲು ಕಮ್ಮಿಯಾದರೂ ಅದು ಇಳಿಯುವುದಿಲ್ಲ.

ಈಗ ಉಪಯೋಗದ ಮಾತು. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಮೀಟರ್ ಓದಿ, ಪಕ್ಕದಲ್ಲಿ ಲೀಟರ್ ಬರೆಯಿರಿ. ಜನರೇಟರ್ ಓಡದ ದಿನಗಳನ್ನು ಮಾತ್ರ ಹೋಲಿಸಿ. ಸಾವಿರಕ್ಕೆ 18 ಇದ್ದದ್ದು 20, 22, 24 ಅಂತ ಏರುತ್ತಾ ಹೋದರೆ ಯಂತ್ರ ಏನೋ ಹೇಳುತ್ತಿದೆ. ನಮ್ಮಲ್ಲಿ ಒಮ್ಮೆ 25ಕ್ಕೆ ಹೋಯಿತು. ಗ್ಯಾಸ್ ಕಮ್ಮಿಯಾಗಿದೆ ಅಂತ ಮೆಕ್ಯಾನಿಕ್ ಬಂದು ತುಂಬಿಸಿ ಹೋದ. ಇಳಿಯಲಿಲ್ಲ. ಆಮೇಲೆ ನೋಡಿದರೆ ಕಾರಣ ಕಣ್ಣ ಮುಂದೇ ಇತ್ತು. ಪಶು ಆಹಾರದ ಮೂಟೆಗಳನ್ನು ಕಂಡೆನ್ಸರ್ ಪಕ್ಕದಲ್ಲೇ ಪೇರಿಸಿದ್ದೆವು. ಮೂಟೆ ಎಳೆದಾಗಲೆಲ್ಲ ಏಳುವ ಹಿಂಡಿ ಧೂಳು ಕಂಡೆನ್ಸರಿನ ತಗಡಿನ ಸಂದಿಗಳಲ್ಲಿ ಕೂತು, ಮಳೆಗಾಲದ ತೇವಕ್ಕೆ ರೊಟ್ಟಿಯ ಹಾಗೆ ಗಟ್ಟಿಯಾಗಿತ್ತು. ಗಾಳಿ ಆಡದೆ ಶಾಖ ಹೊರಗೆ ಹೋಗುತ್ತಿರಲಿಲ್ಲ. ಮೆತ್ತನೆ ಬ್ರಷ್ಷಿನಲ್ಲಿ ಉಜ್ಜಿ, ನೀರು ಹೊಡೆದೆವು. ಮಾರನೇ ದಿನ 19. ಮೂಟೆಗಳನ್ನು ಆಚೆ ಕೋಣೆಗೆ ಸಾಗಿಸಿದೆವು. ಗ್ಯಾಸಿಗೆ ಕೊಟ್ಟ ದುಡ್ಡು ಹೋಯಿತು ಬಿಡಿ.

ಡೀಸೆಲ್ ಖರ್ಚು ಕರೆಂಟಿಗಿಂತ ಜಾಸ್ತಿ ತೋರಿಸಿದ್ದೀರಿ. ತಪ್ಪು ಬರೆದಿಲ್ಲ ತಾನೇ?

ಇಲ್ಲ. ತಿಂಗಳಿಗೆ 40 ಗಂಟೆ ಜನರೇಟರ್ ಓಡುತ್ತದೆ, ಗಂಟೆಗೆ ಎರಡೂವರೆ ಲೀಟರ್ ಕುಡಿಯುತ್ತದೆ. 100 ಲೀಟರ್, ಲೀಟರಿಗೆ 90 ಅಂದರೆ 9,000. ಅದರಿಂದ ಸಿಗುವುದು 250 ಯೂನಿಟ್. ಯೂನಿಟ್ಟಿಗೆ 36 ರೂಪಾಯಿ ಬಿತ್ತು.

ಹಾಗಂತ ಜನರೇಟರ್ ನಿಲ್ಲಿಸಲು ಆಗುವುದಿಲ್ಲ. ಯಾವಾಗ ಹಾಕಬೇಕು ಅನ್ನುವುದರಲ್ಲಿ ಉಳಿತಾಯ ಇದೆ. ಹಾಲು ಸುರಿಯುತ್ತಿರುವಾಗ, ಸುರಿದ ಮೇಲೆ 4 ಡಿಗ್ರಿಗೆ ಇಳಿಯುವವರೆಗೆ ಕರೆಂಟು ಹೋದರೆ ಒಂದು ನಿಮಿಷ ಕಾಯಬೇಡಿ. ಆದರೆ ರಾತ್ರಿ 11ಕ್ಕೆ ಹಾಲು 4 ಡಿಗ್ರಿಯಲ್ಲಿದ್ದಾಗ ಕರೆಂಟು ಹೋದರೆ ಹೆದರಬೇಕಿಲ್ಲ. ಟ್ಯಾಂಕಿನ ಗೋಡೆಯೊಳಗೆ ಶಾಖ ತಡೆಯುವ ಪದರ ಇದೆ, ಮುಚ್ಚಳ ತೆಗೆಯದಿದ್ದರೆ ಕೆಲವು ಗಂಟೆಯಲ್ಲಿ ಒಂದೆರಡು ಡಿಗ್ರಿ ಏರಬಹುದು ಅಷ್ಟೇ. ಥರ್ಮಾಮೀಟರ್ ನೋಡಿ, 6 ಮುಟ್ಟಿದರೆ ಜನರೇಟರ್ ಹಾಕಿ. ನಮ್ಮ ಆಪರೇಟರ್ ಹುಡುಗ ಕರೆಂಟು ಹೋದ ಕೂಡಲೇ ಓಡಿಸುತ್ತಿದ್ದ, ಭಯಕ್ಕೆ. ಈ ಒಂದು ನಿಯಮ ಹಾಕಿದ ಮೇಲೆ ತಿಂಗಳಿಗೆ 12 ಗಂಟೆ ಕಮ್ಮಿಯಾಯಿತು. ಅಂದರೆ 2,700 ರೂಪಾಯಿ. ಮೇಲಿನ ಬಜೆಟ್ಟಿನ ಉಳಿಕೆಯ ಹತ್ತಿರ ಹತ್ತಿರ.

ಪಕ್ಕದೂರಿನ ಹಾಲು ನಮ್ಮ ಕೂಲರಿಗೆ ತಗೊಂಡರೆ ಲಾಭವೋ ತೊಂದರೆಯೋ?

ಲಾಭ. 400 ಲೀಟರಿಗೆ ಕಮಿಷನ್ 7,200 ಬರುತ್ತದೆ. ಅದಕ್ಕೆ ಹೆಚ್ಚಾಗಿ ಹೋಗುವ ಕರೆಂಟು, ಡೀಸೆಲ್ 3,500ರ ಸುಮಾರು. ಆಪರೇಟರ್ ಸಂಬಳ, ತೊಳೆಯುವ ಪುಡಿ ಹೆಚ್ಚಾಗುವುದಿಲ್ಲ. ಆದರೆ ಅವರ ಕ್ಯಾನು ತಡವಾಗಿ ಬಂದರೆ ಅವರ ಹಾಲಿನ ಜೊತೆ ನಿಮ್ಮದೂ ಹೋಗುತ್ತದೆ. ಪ್ರತಿ ಕ್ಯಾನಿನ ವಾಸನೆ ನೋಡಿ, ಅನುಮಾನ ಬಂದರೆ ಸ್ವಲ್ಪ ಹಾಲು ಕುದಿಸಿ, ಒಡೆಯದಿದ್ದರೆ ಮಾತ್ರ ಸುರಿಸಿ. ಮುಲಾಜು ಬೇಡ.

ಸಂಬಳ ಲೀಟರ್ ಮೇಲೆ ಕೊಡಬೇಕಾ, ತಿಂಗಳಿಗೆ ಇಷ್ಟು ಅಂತಾ?

ಉದಾಹರಣೆಯಲ್ಲಿ ಸೆಕ್ರೆಟರಿಗೆ 17,000, ಹಾಲು ಪರೀಕ್ಷಕರಿಗೆ 10,500, ಕೂಲರ್ ಆಪರೇಟರಿಗೆ 10,500. ಬೆಳಿಗ್ಗೆ ಮೂರು ಗಂಟೆ, ಸಂಜೆ ಮೂರು ಗಂಟೆ ಕೆಲಸ. ಕೇಳಲು ಆರು ಗಂಟೆ. ಆದರೆ ಬೆಳಿಗ್ಗೆ ಐದಕ್ಕೆ ಎದ್ದು ಸಂಜೆ ಎಂಟಕ್ಕೆ ಮನೆ ಸೇರುವವನಿಗೆ ನಡುವೆ ಬೇರೆ ಕೆಲಸ ಸಿಗುವುದಿಲ್ಲ. ಹೊಲ ಇದ್ದವರು ಮಾತ್ರ ನಿಲ್ಲುತ್ತಾರೆ.

ಸೆಕ್ರೆಟರಿಗೆ ತಿಂಗಳ ಸಂಬಳದ ಜೊತೆ ಹಾಲು ಹೆಚ್ಚಾದರೆ ಸ್ವಲ್ಪ ಪ್ರೋತ್ಸಾಹ ಕೊಡುವುದಕ್ಕೆ ನನ್ನ ತಕರಾರಿಲ್ಲ. ಪರೀಕ್ಷಕರಿಗೆ ಮಾತ್ರ ಲೀಟರ್ ಲೆಕ್ಕ ಬೇಡ. ನೀರು ಹಾಲನ್ನು ವಾಪಸ್ ಕಳಿಸಬೇಕಾದವನೇ ಹಾಲು ಹೆಚ್ಚಾದರೆ ದುಡ್ಡು ಪಡೆಯುವಂತಿದ್ದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾ?

ಇನ್ನೊಂದು, ರಜೆ. ಹಸುವಿಗೆ ಭಾನುವಾರ ಇಲ್ಲ. ವರ್ಷಕ್ಕೆ 730 ಹೊತ್ತು ಡೇರಿ ತೆಗೆಯಬೇಕು. ಹೊಸ ಬಜೆಟ್ ಬರೆಯುವವರು ಬದಲಿ ಆಳಿನ ಬಾಬ್ತೇ ಹಾಕುವುದಿಲ್ಲ. ನಾವು ಪ್ರತಿಯೊಬ್ಬರಿಗೂ ವಾರಕ್ಕೆ ಒಂದು ಹೊತ್ತು ರಜೆ ಕೊಟ್ಟೆವು. ತಿಂಗಳಿಗೆ 12 ಹೊತ್ತು, ಹೊತ್ತಿಗೆ 200. ಬದಲಿಗೆ ಬರುವವರಿಗೆ ಮೂರೂ ಕೆಲಸ ಕಲಿಸಿಡಿ. ಮೂವರಲ್ಲಿ ಒಬ್ಬರಿಗೆ ಜ್ವರ ಬಂದ ದಿನ ಇದರ ಬೆಲೆ ತಿಳಿಯುತ್ತದೆ.

ಎಲ್ಲ ಸರಿ ಇದ್ದರೂ ಪ್ರತಿ ಬಿಲ್ಲಿನಲ್ಲೂ ದುಡ್ಡು ಕಮ್ಮಿ ಬರುತ್ತಿದೆ. ಎಲ್ಲಿ ಸೋರುತ್ತಿದೆ?

ನೂರಕ್ಕೆ ತೊಂಬತ್ತು ಸಲ ಫ್ಯಾಟಿನಲ್ಲಿ. ನೀವು ಸದಸ್ಯರಿಗೆ ಕೊಡುವುದು ನಿಮ್ಮ ಯಂತ್ರ ತೋರಿಸಿದ ಫ್ಯಾಟಿಗೆ. ಒಕ್ಕೂಟ ನಿಮಗೆ ಕೊಡುವುದು ಅವರ ಲ್ಯಾಬ್ ತೋರಿಸಿದ ಫ್ಯಾಟಿಗೆ. ಎರಡಕ್ಕೂ ಅಂತರ ಬಿದ್ದರೆ ತುಂಬಿಕೊಡುವುದು ಸಂಘ.

0.1 ಫ್ಯಾಟಿಗೆ ದರದಲ್ಲಿ 25 ಪೈಸೆ ವ್ಯತ್ಯಾಸ ಅಂತ ಹಿಡಿಯಿರಿ. ನಿಮ್ಮ ಯಂತ್ರ 3.9 ತೋರಿಸಿ, ಅಲ್ಲಿ 3.8 ಬಂದರೆ ದಿನಕ್ಕೆ 245 ರೂಪಾಯಿ, ತಿಂಗಳಿಗೆ 7,350. ಇಡೀ ತಿಂಗಳ ಉಳಿಕೆಯ ಎರಡರಷ್ಟು, ಒಂದೇ ಒಂದು ಪಾಯಿಂಟಿಗೆ.

ಕಾರಣ ಮೂರು ಕಡೆ ಹುಡುಕಿ. ಮೊದಲನೆಯದು ಸ್ಯಾಂಪಲ್. ಹಾಲು ಸ್ವಲ್ಪ ಹೊತ್ತು ನಿಂತರೆ ಕೊಬ್ಬು ಮೇಲೆ ಬರುತ್ತದೆ. ಕಲಕದೆ ಮೇಲಿಂದ ಸೌಟಿನಲ್ಲಿ ತೆಗೆದರೆ ಫ್ಯಾಟ್ ಜಾಸ್ತಿ ಬರುತ್ತದೆ. ಎರಡನೆಯದು ಯಂತ್ರದೊಳಗಿನ ಕೊಳಕು. ದಿನಾ ಕೊನೆಯಲ್ಲಿ ಬಿಸಿ ನೀರು, ತೊಳೆಯುವ ದ್ರಾವಣ ಹಾಯಿಸದಿದ್ದರೆ ಒಳಗೆ ಜಿಡ್ಡು ಕೂತು ಓದು ತಪ್ಪುತ್ತದೆ. ಹಾಲಿನಲ್ಲಿ ನೊರೆ, ಗಾಳಿ ಗುಳ್ಳೆ ಇದ್ದರೂ ಅದೇ ಗತಿ. ಮೂರನೆಯದು ಯಂತ್ರವನ್ನು ಸರಿಹೊಂದಿಸಿಯೇ ಇಲ್ಲದಿರುವುದು.

ಪತ್ತೆ ಮಾಡಲು ಹಳೆಯ ಗರ್ಬರ್ ವಿಧಾನವೇ ಗಟ್ಟಿ. ಬ್ಯುಟಿರೋಮೀಟರಿಗೆ 10 ಮಿಲಿ ಗಂಧಕಾಮ್ಲ, ಮೆಲ್ಲಗೆ 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್. ಕಾರ್ಕ್ ಹಾಕಿ ಕುಲುಕಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, 65 ಡಿಗ್ರಿ ನೀರಿನಲ್ಲಿಟ್ಟು ಓದುವುದು. ವಾರಕ್ಕೊಮ್ಮೆ ಐದು ಸದಸ್ಯರ ಹಾಲನ್ನು ಯಂತ್ರದಲ್ಲೂ ಹೀಗೂ ನೋಡಿ ಪಕ್ಕಪಕ್ಕ ಬರೆಯಿರಿ. ಐದರಲ್ಲೂ ಯಂತ್ರ ಒಂದೇ ಕಡೆಗೆ ವಾಲಿದರೆ ಸರಿಪಡಿಸಲು ಕರೆಯಿರಿ. ಆಮ್ಲ ಕೈಗೆ ಬಿದ್ದರೆ ಸುಡುತ್ತದೆ, ಕನ್ನಡಕ, ಕೈಗವಸು ಇಲ್ಲದೆ ಬೇಡ.

ಯಂತ್ರ ಕಮ್ಮಿ ತೋರಿಸುತ್ತಿದ್ದರೂ ಇದೇ ತುರ್ತಿನಲ್ಲಿ ಸರಿಮಾಡಿಸಿ. ಆಗ ಸಂಘಕ್ಕೆ ಲಾಭ ಕಾಣುತ್ತದೆ, ಆದರೆ ಅದು ಸದಸ್ಯರ ಲೋಟದಿಂದ ಬಂದದ್ದು. ಸ್ಯಾಂಪಲ್ ಹಾಲಿಗೂ ಇದೇ ಮಾತು. 120 ಜನ, ಎರಡು ಹೊತ್ತು, 50 ಮಿಲಿ ಅಂದರೆ ದಿನಕ್ಕೆ 12 ಲೀಟರ್. ಅಳತೆಗೆ ಮುಂಚೆ ತೆಗೆದರೆ ಅದು ಪುಕ್ಕಟೆ ಹಾಲು. ಅಳೆದ ಮೇಲೆ ತೆಗೆಯಿರಿ. ನಾನು ಬಜೆಟ್ಟಿನಲ್ಲಿ ಸ್ಯಾಂಪಲ್ ಹಾಲಿನ ಆದಾಯ ತೋರಿಸದಿರುವುದು ಅದಕ್ಕೇ.

ಕೆಜಿ, ಲೀಟರ್ ಗೊಂದಲ ಅಂತ ಹೇಳುತ್ತಿರುತ್ತೀರಲ್ಲ, ಏನದು?

ಒಂದು ಲೀಟರ್ ಹಾಲು ಸುಮಾರು 1.03 ಕೆಜಿ ತೂಗುತ್ತದೆ. ನಮ್ಮಲ್ಲಿ ಹೊಸದಾಗಿ ಬಂದ ಹುಡುಗ ತೂಕದ ಯಂತ್ರವನ್ನು ಒರೆಸುವಾಗ ಯಾವುದೋ ಗುಂಡಿ ಒತ್ತಿ ಕೆಜಿಗೆ ಹಾಕಿಬಿಟ್ಟ. ಸಾಫ್ಟ್‌ವೇರ್ ಅದನ್ನೇ ಲೀಟರ್ ಅಂದುಕೊಂಡಿತು. 1,000 ಲೀಟರಿಗೆ 1,030 ಅಂತ ದುಡ್ಡು ಹೋಯಿತು, ದಿನಕ್ಕೆ 1,050 ರೂಪಾಯಿ. ಸದಸ್ಯರು ಯಾರೂ ತಕರಾರು ಮಾಡಲಿಲ್ಲ, ಯಾಕೆ ಮಾಡುತ್ತಾರೆ! ಐದನೇ ದಿನ ಟ್ಯಾಂಕಿನ ಅಳತೆ ಕೋಲಿಗೂ ಪುಸ್ತಕಕ್ಕೂ ತಾಳೆ ನೋಡಿದಾಗ ಗೊತ್ತಾಯಿತು. ಅಳತೆ ಕೋಲನ್ನು ದಿನಾ ನೋಡಬೇಕಿತ್ತು. ನಾನು ನೋಡಿರಲಿಲ್ಲ.

ಒಂದೇ ಬಜೆಟ್ ವರ್ಷವಿಡೀ ಸಾಕಾ?

ಸಾಲದು. ಬೇಸಿಗೆಯಲ್ಲಿ ಹಸಿಮೇವು ಇಲ್ಲದೆ ಹಾಲು 750ಕ್ಕೆ ಇಳಿಯಿತು ಅನ್ನಿ, ಪಕ್ಕದೂರಿನದು 300. ಆದಾಯ 60,000ಕ್ಕೆ ಬರುತ್ತದೆ. ಸಂಬಳ ಹಾಗೇ, ನಿಗದಿತ ಶುಲ್ಕ ಹಾಗೇ. ಖರ್ಚು 71,000 ದಾಟುತ್ತದೆ. ತಿಂಗಳಿಗೆ 11,000 ನಷ್ಟ. ಮಳೆ ಹಿಡಿದು ಮೇವು ಚಿಗುರಿ ಹಾಲು 1,300 ಆದಾಗ 21,000 ಉಳಿಯುತ್ತದೆ. ಆ ಉಳಿಕೆ ಕಂಡು ಸಂಬಳ ಏರಿಸಿದ ಸಂಘಗಳು ಮಾರ್ಚಿ ತಿಂಗಳಲ್ಲಿ ನನಗೆ ಫೋನ್ ಮಾಡುತ್ತವೆ. ಹೆಚ್ಚು ಬಂದ ತಿಂಗಳ ಅರ್ಧವನ್ನು ಬೇಸಿಗೆಗೆ ಅಂತ ಬೇರೆ ಠೇವಣಿ ಮಾಡಿ.

ವರ್ಷದ ಕೊನೆಗೆ ಸದಸ್ಯರಿಗೆ ಬೋನಸ್ ಎಷ್ಟು ಕೊಡಬಹುದು?

35 ಜನರ ದಿನದ ಬಟವಾಡೆಯ ಬಡ್ಡಿ ಕಳೆದು ಉಳಿಯುವುದು ತಿಂಗಳಿಗೆ 2,800 ಅಂದರೆ ವರ್ಷಕ್ಕೆ 33,600. ಸಹಕಾರ ಕಾಯ್ದೆಯಂತೆ ನಿವ್ವಳ ಲಾಭದ ನೂರಕ್ಕೆ 25 ಕಾಯ್ದಿಟ್ಟ ನಿಧಿಗೆ ಹೋಗಬೇಕು, ಅದು 8,400. ಉಳಿದದ್ದನ್ನು ಪೂರ್ತಿ ಹಂಚಿದರೂ ಲೀಟರಿಗೆ 7 ಪೈಸೆ. ದಿನಕ್ಕೆ ಎಂಟು ಲೀಟರ್ ಹಾಕುವವರಿಗೆ ವರ್ಷಕ್ಕೆ 200 ರೂಪಾಯಿ. ಫ್ಯಾಟ್ ಸೋರಿಕೆ, ಡೀಸೆಲ್ ಎರಡನ್ನೂ ಹಿಡಿತಕ್ಕೆ ತಂದರೆ ಇದು ಎರಡು ಮೂರು ಪಟ್ಟಾಗುತ್ತದೆ.

ಟ್ಯಾಂಕಿನ ಹಾಲು ಹುಳಿಯಾದರೆ ನಷ್ಟ ಯಾರ ತಲೆಗೆ?

ಸಂಘದ ತಲೆಗೆ. ಸದಸ್ಯರು ಒಳ್ಳೆಯ ಹಾಲು ಕೊಟ್ಟು ಚೀಟಿ ತಗೊಂಡಾಗಿದೆ. ತುಂಬಿದ ಟ್ಯಾಂಕ್ ಹೋದರೆ 1,400 ಲೀಟರ್, 49,000 ರೂಪಾಯಿ. ಒಂದು ವರ್ಷದ ಉಳಿಕೆಗಿಂತ ಜಾಸ್ತಿ. ದಿನಾ ಬಟವಾಡೆ ಮಾಡುವವರಿಗೆ ಇನ್ನೂ ಕಷ್ಟ, ಯಾಕೆಂದರೆ ದುಡ್ಡು ಆಗಲೇ ಕೈ ಬಿಟ್ಟು ಹೋಗಿರುತ್ತದೆ.

ಹುಳಿಯಾಗುವುದು ಸಾಮಾನ್ಯವಾಗಿ ಬೆಳಗಿನ ಹೊತ್ತು. ರಾತ್ರಿಯ 600 ಲೀಟರ್ 4 ಡಿಗ್ರಿಯಲ್ಲಿ ಇರುತ್ತದೆ, ಅದರ ಮೇಲೆ 800 ಲೀಟರ್ ಬೆಚ್ಚನೆ ಹಾಲು ಬೀಳುತ್ತದೆ. ಕಂಪ್ರೆಸರ್ ಓಡುತ್ತಿದ್ದರೆ ಮಿಶ್ರ ಹಾಲು 10 ಡಿಗ್ರಿ ದಾಟುವುದಿಲ್ಲ. ನಿಂತಿದ್ದರೆ 20ಕ್ಕೆ ಹೋಗಿಬಿಡುತ್ತದೆ. ನಮ್ಮ ಬಾಗಿಲ ಪಕ್ಕ ಒಂದು ಪುಸ್ತಕ ದಾರಕ್ಕೆ ಕಟ್ಟಿ ನೇತುಹಾಕಿದ್ದೆವು. ಸುರಿಯುವ ಮುಂಚೆ, ನಡುವೆ, ಮುಗಿದ ಮೇಲೆ, ಟ್ಯಾಂಕರ್ ಬಂದಾಗ, ನಾಲ್ಕು ಸಲ ಡಿಗ್ರಿ ಬರೆದು ಸಹಿ ಹಾಕಬೇಕು. ಒಂದು ದಿನ ಆ ನಡುವಿನ ಕಾಲಮ್ಮಿನಲ್ಲಿ 14 ಅಂತ ಬರೆದ ಹುಡುಗ ನನಗೆ ಫೋನ್ ಮಾಡಿದ. ಫ್ಯಾನಿನ ಬೆಲ್ಟು ಕಿತ್ತಿತ್ತು. ಸುರಿಯುವುದು ನಿಲ್ಲಿಸಿ, ಉಳಿದವರ ಹಾಲು ಕ್ಯಾನಿನಲ್ಲೇ ಇಟ್ಟು, ಅರ್ಧ ಗಂಟೆಯಲ್ಲಿ ಬೆಲ್ಟು ಹಾಕಿಸಿದೆವು. ಬೆಲ್ಟಿನ ಬೆಲೆ 340 ರೂಪಾಯಿ. ಅವತ್ತಿಂದ ಬೀರುವಿನಲ್ಲಿ ಎರಡು ಬೆಲ್ಟು ಇಟ್ಟಿದ್ದೇವೆ.